ಮಾಘದಲ್ಲಿ ಸಿಡಿಯುವ ಬಟ್ಟೆ

ಮುಂಡಗೋಡ ತಾಲೂಕಿನ ನಮ್ಮ ಪಾಳಾ ಗ್ರಾಮವು ಮಲೆನಾಡು ಬಯಲುಸೀಮೆಗಳ ಸಂಧಿಯಲ್ಲಿರುವುದರಿಂದ ಮಳೆಗಾಲದ ತೇವವೂ ಮಾಘಮಾಸದ ಒಣಹವೆಯೂ ಇಲ್ಲಿಯ ಗೃಹಸ್ಥರಿಗೆ ಸಮನಾಗಿ ಪರಿಚಿತವಾಗಿವೆ. ಆಷಾಢದಲ್ಲಿ ಸುಮ್ಮನಿದ್ದ ಪಾಲಿಯೆಸ್ಟರ್ ಸೀರೆಯು ಮಾಘದಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ. ಅದೇ ನೂಲಿನ ಅಂಗಿಯ ಮೇಲಿಂದ ಉಣ್ಣೆಯ ಸ್ವೆಟರನ್ನು ಸಂಜೆ ಕಳಚುವಾಗ ಚಟಚಟ ಸದ್ದಾಗುತ್ತದೆ. ದೀಪವಾರಿಸಿದ್ದರೆ ಸಣ್ಣ ಕಿಡಿಗಳೂ ಕಾಣುವುವು. ಬಟ್ಟೆಯು ಅದೇ ಆಗಿರುವಾಗ ಬದಲಾದುದೇನು? ಹವೆಯೊಳಗಿನ ನೀರು.

ಎರಡು ಭಿನ್ನ ಪದಾರ್ಥಗಳು ತಾಗಿ ಅಗಲಿದರೆ ಒಂದರಿಂದ ಮತ್ತೊಂದಕ್ಕೆ ತುಸು ವಿದ್ಯುತ್ತು ಸಾಗುವುದು. ಉಜ್ಜಿದ ಅಂಬರ್ ಮಣಿಯು ಹುಲ್ಲೆಳೆಯನ್ನು ಸೆಳೆಯುವುದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿಯೆಂಬ ಹೆಸರು ಬಂದಿದೆ. ಉಣ್ಣೆ, ನೈಲಾನು, ಮೈಚರ್ಮಗಳೊಡನೆ ಉಜ್ಜಿದ ಪಾಲಿಯೆಸ್ಟರು ಋಣವಿದ್ಯುತ್ತನ್ನು ಪಡೆಯುತ್ತದೆ, ಅವುಗಳಲ್ಲಿ ಧನವಿದ್ಯುತ್ತು ಉಳಿಯುತ್ತದೆ. ಋಣವೂ ಧನವೂ ಪರಸ್ಪರ ಸೆಳೆಯುವುದರಿಂದ ಸೀರೆ ಅಂಟುತ್ತದೆ. ಬಲದಿಂದ ಅವನ್ನು ಅಗಲಿಸಿದಾಗ ನಡುವಣ ಗಾಳಿಯನ್ನು ಸೀಳಿಕೊಂಡು ವಿದ್ಯುತ್ತು ಹಾರುತ್ತದೆ. ಅದೇ ಕಿಡಿ, ಅದೇ ಸದ್ದು. ಒಂದು ಮಿಲಿಮೀಟರ್ ಹಾರುವ ಕಿಡಿಗೆ ಸುಮಾರು 3000 ವೋಲ್ಟು ಬೇಕು. ಆದರೆ ಅದರಲ್ಲಿ ಹರಿಯುವ ವಿದ್ಯುತ್ತು ಅತ್ಯಲ್ಪವಾದುದರಿಂದ ಚುರುಕ್ಕೆನ್ನುವುದೇ ಹೊರತು ಅಪಾಯವಿಲ್ಲ. ಪೆಟ್ರೋಲು ತುಂಬುವ ಸ್ಥಳದಲ್ಲಿ ಮಾತ್ರ ಸ್ವೆಟರು ಕಳಚಬಾರದು. ಪೆಟ್ರೋಲಿನ ಆವಿಯು ಇಂಥ ಕಿಡಿಯಿಂದಲೇ ಹೊತ್ತಿಕೊಳ್ಳಬಲ್ಲುದು.

ಈ ವಿದ್ಯುತ್ತು ಮಳೆಗಾಲದಲ್ಲಿಯೂ ಹುಟ್ಟುತ್ತದೆ, ಆದರೆ ನಿಲ್ಲುವುದಿಲ್ಲ. ನೂಲಿನ ಮೇಲಿನ ತೇವವು ಅದನ್ನು ಹುಟ್ಟಿದಂತೆಯೇ ಹರಿಯಗೊಡುತ್ತದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿಯು ಸುಮಾರು 8 ಗ್ರಾಂ ನೀರನ್ನು ಹೀರಿಟ್ಟುಕೊಂಡರೆ ಪಾಲಿಯೆಸ್ಟರು ಅರ್ಧ ಗ್ರಾಮನ್ನೂ ಹೀರದು. ಹವೆಯೂ ಒಣಗಿತೆಂದರೆ ವಿದ್ಯುತ್ತಿಗೆ ದಾರಿಯೇ ಉಳಿಯದು. ಇಬ್ಬನಿ ಬಿದ್ದ ಮುಂಜಾವಿನಲ್ಲಿ ಸುಮ್ಮನಿದ್ದ ಸೀರೆಯು ಬಿಸಿಲೇರಿದ ಮೇಲೆ ಅಂಟತೊಡಗುವುದೂ ಇದರಿಂದಲೇ.

ಆದುದರಿಂದ ಪರಿಹಾರವೆಂದರೆ ದಾರಿ ಮಾಡಿಕೊಡುವುದು. ಮೊದಲನೆಯದು, ಅಂಥ ಸೀರೆಯೊಳಗೆ ನೈಲಾನಿನ ಲಂಗವನ್ನು ಬಿಟ್ಟು ಹತ್ತಿಯದನ್ನು ಉಡುವುದು. ಅಂಟುವ ಕಾಟವು ಬಹುಮಟ್ಟಿಗೆ ಇದರಿಂದಲೇ ತಗ್ಗುವುದು. ಎರಡನೆಯದು, ಒಗೆದ ಬಟ್ಟೆಯ ಕೊನೆಯ ನೀರಿಗೆ ಅಂಗಡಿಯಲ್ಲಿ ದೊರೆಯುವ ಫ್ಯಾಬ್ರಿಕ್ ಕಂಡಿಷನರನ್ನು ಡಬ್ಬಿಯ ಮೇಲೆ ಹೇಳಿದಷ್ಟೇ ಬೆರೆಸುವುದು. ಅದು ನೂಲಿನ ಮೇಲೆ ತೇವವನ್ನು ಸೆಳೆಯುವ ತೆಳುಲೇಪವನ್ನು ಬಿಡುತ್ತದೆ. ಮುಂದಿನ ಒಗೆತದಲ್ಲಿ ಲೇಪವು ತೊಳೆದುಹೋಗುವುದರಿಂದ ಪ್ರತಿಸಲವೂ ಹಾಕಬೇಕು. ಟವೆಲುಗಳಿಗೆ ಹಾಕಿದರೆ ಅವು ನೀರು ಹೀರುವುದು ಕಡಿಮೆಯಾಗುತ್ತದೆ. ಅವಸರವಿದ್ದಲ್ಲಿ ಒದ್ದೆಗೈಯನ್ನು ಸೀರೆಯ ಒಳಮೈಗೆ ಸವರಿದರೂ ಸಾಕು, ಆದರೆ ಅದು ಒಣಗುವವರೆಗೆ ಮಾತ್ರ.

ಮೈಯಲ್ಲಿ ಸೇರಿದ ವಿದ್ಯುತ್ತಿಗೆ ಬೇರೆ ಉಪಾಯವುಂಟು. ರಬ್ಬರಿನ ಚಪ್ಪಲಿಯು ಅದನ್ನು ನೆಲಕ್ಕಿಳಿಯಗೊಡದು. ಸಾರಿಸಿದ ಮಣ್ಣಿನ ನೆಲದಲ್ಲಿ ಬರಿಗಾಲಿನಿಂದ ನಿಂತವರಿಗೆ ಅದು ತಾನೇ ಇಳಿದುಹೋಗುತ್ತದೆ. ಕಬ್ಬಿಣದ ಬಾಗಿಲನ್ನು ಮುಟ್ಟುವ ಮೊದಲು ಕೈಯಲ್ಲಿ ಬಿಗಿಹಿಡಿದ ಬೀಗದ ಕೈಯನ್ನು ಅದಕ್ಕೆ ತಾಗಿಸಿದರೆ, ಕಿಡಿಯು ಕೀಲಿಯ ತುದಿಯಿಂದ ಹಾರುವುದು, ಬೆರಳಿಗೆ ಚುಚ್ಚದು.