ಒಂದು ಮುಖದಿಂದ ಇನ್ನೊಂದರತ್ತ

ಎನ್‌ವಿಡಿಯಾ ಸಂಶೋಧಕರ ‘ಸ್ಟೈಲ್‌ಗ್ಯಾನ್2’ 70,000 ಮುಖಚಿತ್ರಗಳಿಂದ ಕಲಿತು, ಲೋಕದಲ್ಲಿಲ್ಲದ ಮುಖಗಳನ್ನು ರಚಿಸುತ್ತದೆ. ಅದರ 18 ಪದರಗಳಿಗೆ ತಲಾ 512 ಸಂಖ್ಯೆಗಳೇ ಸೂಚನೆ.

ನಿಜವಾದ ಫೋಟೊವನ್ನು ತಿದ್ದಬೇಕಾದರೆ ಮೊದಲು ಅದಕ್ಕೆ ಹೊಂದುವ ಸಂಖ್ಯೆಗಳನ್ನು ಹುಡುಕಬೇಕು. ಇದೇ ಇನ್ವರ್ಷನ್. ಸರಾಸರಿ ಮುಖದಿಂದ ಶುರುಮಾಡುವ ಕಂಪ್ಯೂಟರ್, ಮೂಡಿದ ಚಿತ್ರವನ್ನು ಫೋಟೊದೊಂದಿಗೆ ಹೋಲಿಸಿ, ವ್ಯತ್ಯಾಸ ತಗ್ಗುವವರೆಗೆ ಸಂಖ್ಯೆಗಳನ್ನು ನೂರಾರು ಬಾರಿ ಸರಿಪಡಿಸುತ್ತದೆ.

ಇನ್ನೊಬ್ಬರ ಫೋಟೊಗೂ ಹೀಗೆಯೇ ಸಂಖ್ಯೆಗಳು ಸಿಕ್ಕಮೇಲೆ, ಮೊದಲನೆಯವನ್ನು ಅವುಗಳತ್ತ ಸರಿಸಬಹುದು. ಆರಂಭದ ಪದರಗಳು ಭಂಗಿ, ಆಕಾರವನ್ನೂ ನಡುವಿನವು ಕಣ್ಣು-ಮೂಗಿನ ವಿವರವನ್ನೂ ಕೊನೆಯವು ಬಣ್ಣವನ್ನೂ ಹೆಚ್ಚಾಗಿ ನಿರ್ಧರಿಸುತ್ತವೆ. ಹಾಗಾಗಿ ಕೊನೆಯವನ್ನು ಮುಟ್ಟದೆ ಉಳಿದವನ್ನು ಸರಿಸಿದರೆ, ಮೈಬಣ್ಣ ಬಹುಮಟ್ಟಿಗೆ ಉಳಿದು ಗುರುತು ಬದಲಾಗುತ್ತದೆ.

ಆದರೆ ಫೋಟೊಗೆ ಅತಿಯಾಗಿ ಹೊಂದಿಸಿದ ಸಂಖ್ಯೆಗಳು ಯಂತ್ರ ಕಲಿತ ವಲಯದಾಚೆ ಬೀಳುತ್ತವೆ. ಪ್ರತಿರೂಪ ನಿಖರವಾಗಿದ್ದರೂ, ಸರಿಸಿದಾಗ ಮುಖ ವಿಕಾರಗೊಳ್ಳುತ್ತದೆ. ಹೊಂದಾಣಿಕೆ ತುಸು ಸಡಿಲವಿದ್ದರೆ ಬದಲಾವಣೆ ಹೆಚ್ಚು ಸಹಜವಾಗಿ ಮೂಡುತ್ತದೆ.