ಮಿಣುಕುವ ಟ್ಯೂಬ್‌ಲೈಟ್

ಪ್ರಶ್ನೆ: ನಮ್ಮ ಹಳೆಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳದೆ ಮಿಣುಕುತ್ತಲೇ ಇರುತ್ತದೆ. ದೋಷ ಸ್ಟಾರ್ಟರ್‌ನದೋ, ಚೋಕ್‌ನದೋ, ಟ್ಯೂಬಿನದೋ?

ಸ್ಟಾರ್ಟರ್‌ನೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಕೂಡಿಕೊಂಡಾಗ ಟ್ಯೂಬಿನ ಎರಡೂ ತುದಿಯ ತಂತಿಗಳು ಕಾಯುತ್ತವೆ. ಪಟ್ಟಿ ತಣಿದು ಬಿಟ್ಟುಕೊಂಡ ಕ್ಷಣ ಚೋಕ್ ನೂರಾರು ವೋಲ್ಟ್‌ಗಳ ಪೆಟ್ಟು ಕೊಟ್ಟು ದೀಪ ಹೊತ್ತಿಸುತ್ತದೆ. ಕೆಟ್ಟು ನಿಂತ ಜೀಪನ್ನು ತಳ್ಳುವವರಂತೆ ಸ್ಟಾರ್ಟರ್. ಎಂಜಿನ್ ಹಿಡಿದ ಮೇಲೆ ಅದಕ್ಕೆ ಕೆಲಸವಿಲ್ಲ. ಹಿಡಿಯದಿದ್ದರೆ ಮತ್ತೆ ಮತ್ತೆ ತಳ್ಳುತ್ತದೆ. ಮಿಣುಕುವುದು ಅದಕ್ಕೇ.

ಎಲ್ಲಕ್ಕಿಂತ ಅಗ್ಗ ಸ್ಟಾರ್ಟರ್, ಅದರಿಂದಲೇ ಶುರುಮಾಡಿ. ಸ್ವಿಚ್ ಆರಿಸಿ, ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ತೆಗೆದು, ಚೆನ್ನಾಗಿ ಉರಿಯುವ ಇನ್ನೊಂದು ಟ್ಯೂಬ್‌ಲೈಟಿನ ಸ್ಟಾರ್ಟರ್ ಹಾಕಿ ನೋಡಿ. ಎರಡು ತುದಿ ಮಾತ್ರ ಕೆಂಪಗೆ ಉರಿದು ನಡುವೆ ಕತ್ತಲಿದ್ದರೆ ಸ್ಟಾರ್ಟರ್ ಅಂಟಿಕೊಂಡಿದೆ ಎಂದೇ ಹೆಚ್ಚಾಗಿ ಅರ್ಥ.

ಆಮೇಲೂ ಮಿಣುಕಿದರೆ ತುದಿಗಳನ್ನು ನೋಡಿ. ದಟ್ಟ ಕಪ್ಪಾಗಿದ್ದರೆ ತಂತಿಯ ಮೇಲಿನ ಲೇಪ ಸವೆದಿದೆ, ಟ್ಯೂಬ್ ಮುಗಿಯಿತು. ತುದಿ ಬೆಳ್ಳಗಿದ್ದರೆ ಟ್ಯೂಬನ್ನು ಹೋಲ್ಡರಿನಲ್ಲಿ ತಿರುಗಿಸಿ ಸರಿಯಾಗಿ ಕೂರಿಸಿ. ಪಿನ್ ಸಡಿಲವಾದರೂ ಇದೇ ಗೋಳು.

ಚೋಕ್ ಕೆಡುವುದು ಅಪರೂಪ. ಹೊಸ ಟ್ಯೂಬೂ ಹೊಸ ಸ್ಟಾರ್ಟರೂ ಸೋತು, ಸುಟ್ಟ ವಾಸನೆ ಬಂದರೆ ಮಾತ್ರ ಅದನ್ನು ಅನುಮಾನಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.