ಅಕ್ಕಿ ಚೀಲದ ಮೇಲಿನ ಹೆಸರು: ಟ್ರೇಡ್‌ಮಾರ್ಕ್ ನೋಂದಣಿ ಯಾವಾಗ ಲಾಭ, ಅದು ಏನನ್ನು ಕಾಯುತ್ತದೆ?

ವಳಕಮದಿನ್ನಿಯಂಥ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟವರಿಗೆ ಬ್ರ್ಯಾಂಡಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಗಿರಾಕಿ ಬರುವುದು ಅಂಗಡಿಯವರ ಮುಖ ನೋಡಿ, ಅಕ್ಕಿ ಚೀಲದ ಮೇಲೆ ಏನು ಬರೆದಿದೆ ಎಂದು ನೋಡಿ ಅಲ್ಲ. ಅದೇ ಸಿಂಧನೂರಿನ ಅಕ್ಕಿ ವ್ಯಾಪಾರಿಯ ಚೀಲ ಬೆಳಗಾವಿಗೋ ಹುಬ್ಬಳ್ಳಿಗೋ ಹೋದಾಗ ಪರಿಸ್ಥಿತಿ ಬೇರೆ. ಅಲ್ಲಿ ಕೊಳ್ಳುವವರಿಗೆ ಮಿಲ್ಲು ಗೊತ್ತಿಲ್ಲ, ಮಾಲೀಕರು ಗೊತ್ತಿಲ್ಲ. ಕಳೆದ ಸಲ ಅನ್ನ ಚೆನ್ನಾಗಿ ಆಗಿತ್ತು, ಅದೇ ಹೆಸರಿನ ಚೀಲ ಕೊಡಿ ಎನ್ನುತ್ತಾರೆ. ಟ್ರೇಡ್‌ಮಾರ್ಕ್ ನೋಂದಣಿಗೆ ಖರ್ಚು ಮಾಡಬೇಕೇ ಬೇಡವೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಒಂದು ಉದಾಹರಣೆ

ಸಿಂಧನೂರಿನ ಒಬ್ಬ ವ್ಯಾಪಾರಿ 'ಬೆಳ್ಳಿಕೊಳಗ' ಎಂಬ ಹೆಸರಿನಲ್ಲಿ ಆರು ವರ್ಷದಿಂದ ಸೋನಾ ಮಸೂರಿ ಅಕ್ಕಿ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಬೆಳಗಾವಿಯ ಅಂಗಡಿಯೊಂದರಲ್ಲಿ 'ಬೆಳ್ಳಿ ಕೊಳಗ' ಎಂದು ಬಿಡಿಸಿ ಬರೆದ, ಬಣ್ಣವೂ ಹೆಚ್ಚುಕಡಿಮೆ ಅದೇ ಇರುವ ಬೇರೆಯವರ ಚೀಲ ಬಂದಿದೆ. ಒಳಗಿನ ಅಕ್ಕಿಯಲ್ಲಿ ನುಚ್ಚು ಹೆಚ್ಚು. ದೂರು ಮಾತ್ರ ಇವರಿಗೆ ಬರುತ್ತಿದೆ.

ಹೆಸರು ನೋಂದಣಿ ಆಗಿರದಿದ್ದರೂ ಇವರು ಕೋರ್ಟಿಗೆ ಹೋಗಬಹುದು. 'ತನ್ನ ಮಾಲನ್ನು ಇನ್ನೊಬ್ಬರ ಮಾಲು ಎಂದು ನಂಬಿಸಿ ಮಾರುವುದು' ಕಾನೂನಿನಲ್ಲಿ ತಪ್ಪೇ. ಆದರೆ ಮೂರು ವಿಷಯಗಳನ್ನು ಇವರೇ ಸಾಬೀತು ಮಾಡಬೇಕು. ಬೆಳಗಾವಿಯ ಗಿರಾಕಿಗಳಲ್ಲಿ ಈ ಹೆಸರಿಗೆ ಬೆಲೆ ಇದೆ, ಎದುರಿನವರ ಚೀಲ ನೋಡಿ ಜನ ಮೋಸ ಹೋಗುತ್ತಾರೆ, ಅದರಿಂದ ತಮಗೆ ನಷ್ಟ ಆಗಿದೆ ಅಥವಾ ಆಗಬಹುದು. ಇದಕ್ಕೆ ಆರು ವರ್ಷದ ಬಿಲ್ಲು, ಚೀಲ ಪ್ರಿಂಟ್ ಮಾಡಿಸಿದ ರಸೀದಿ, ಲಾರಿ ಬಿಲ್ಟಿ, ಜಾಹೀರಾತು ಎಲ್ಲ ಬೇಕು.

ನೋಂದಣಿ ಆಗಿದ್ದರೆ ಕೆಲಸ ಹಗುರ. ಹೆಸರು ತಮ್ಮದು ಎಂಬುದಕ್ಕೆ ಪ್ರಮಾಣಪತ್ರವೇ ಮೊದಲ ಸಾಕ್ಷಿ. ಎದುರಿನ ಹೆಸರು ಗೊಂದಲ ಆಗುವಷ್ಟು ಹೋಲುತ್ತದೆ, ಮಾಲೂ ಅದೇ ಬಗೆಯದು ಎಂದು ತೋರಿಸಿದರೆ ಮುಖ್ಯ ಭಾಗ ಮುಗಿಯಿತು. ಇನ್ನೊಂದು ಲಾಭ ಹಲವರಿಗೆ ಗೊತ್ತಿಲ್ಲ. ನೋಂದಣಿ ಇದ್ದವರು ತಮ್ಮ ವ್ಯಾಪಾರ ನಡೆಯುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ದಾವೆ ಹೂಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಂ ಅವಕಾಶ ಕೊಡುತ್ತದೆ. ನೋಂದಣಿ ಇಲ್ಲದವರು ಸಾಮಾನ್ಯವಾಗಿ ಎದುರಾಳಿ ಇರುವಲ್ಲಿಗೆ ಅಥವಾ ಮೋಸ ನಡೆದ ಊರಿಗೆ ಹೋಗಬೇಕು. ಪ್ರತಿ ವಾಯಿದೆಗೆ ಬೆಳಗಾವಿಗೆ ಓಡಾಡುವ ಖರ್ಚು ಸಣ್ಣದಲ್ಲ.

ಖರ್ಚು ಎಷ್ಟು?

2017ರ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಇದು ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ. ಸಣ್ಣ ಉದ್ಯಮ ಎಂದು ತೋರಿಸಲು ಉದ್ಯಮ್ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಉಳಿದವರಿಗೆ 9,000 ರೂಪಾಯಿ. ವಕೀಲರ ಅಥವಾ ಏಜೆಂಟರ ಫೀ ಬೇರೆ. ನೋಂದಣಿ ಅರ್ಜಿ ಹಾಕಿದ ದಿನದಿಂದ 10 ವರ್ಷ ನಡೆಯುತ್ತದೆ. ಆಮೇಲೆ ಆನ್‌ಲೈನ್ ನವೀಕರಣಕ್ಕೆ ಒಂದು ವರ್ಗಕ್ಕೆ 9,000 ರೂಪಾಯಿ.

4,500 ರೂಪಾಯಿಯನ್ನು 10 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 450 ರೂಪಾಯಿ. ಹಾಗಾಗಿ ಅರ್ಜಿ ಶುಲ್ಕ ದೊಡ್ಡ ಹೊರೆಯಲ್ಲ. ಯಾರಾದರೂ ಆಕ್ಷೇಪ ಎತ್ತಿ ವರ್ಷಗಟ್ಟಲೆ ವಾದ ನಡೆದರೆ ಮಾತ್ರ ಖರ್ಚು ಬೆಳೆಯುತ್ತದೆ. ಆಕ್ಷೇಪ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಆರಿಸಿದ ಹೆಸರಿನ ಮೇಲೆ ನಿಂತಿದೆ.

ಯಾವ ಹೆಸರಿಗೆ ಖರ್ಚು ಮಾಡಬಹುದು?

'ಸಿಂಧನೂರು ಸೋನಾ ಮಸೂರಿ', 'ಸೂಪರ್ ಫೈನ್ ರೈಸ್' ಎಂಬವು ಊರು, ತಳಿ ಮತ್ತು ಗುಣವನ್ನು ಹೇಳುವ ಮಾತುಗಳು. ಎಲ್ಲ ಮಿಲ್ಲಿನವರೂ ಇವನ್ನು ಬಳಸುವ ಹಕ್ಕುಳ್ಳವರು. 9ನೇ ಕಲಂ ಪ್ರಕಾರ ಇಂಥ ಹೆಸರನ್ನು ಸಾಮಾನ್ಯವಾಗಿ ಒಬ್ಬರಿಗೆ ಬರೆದುಕೊಡುವುದಿಲ್ಲ. ಚಿತ್ರ, ಬಣ್ಣ ಸೇರಿಸಿ ಲೇಬಲ್ ಆಗಿ ನೋಂದಣಿ ಮಾಡಿಸಿದರೂ ಸಿಗುವುದು ಇಡೀ ಲೇಬಲ್ಲಿನ ಮೇಲಿನ ಹಕ್ಕು. ಅದರೊಳಗಿನ 'ಸೋನಾ ಮಸೂರಿ' ಎಂಬ ಮಾತಿನ ಮೇಲೆ ಹಕ್ಕು ಬರುವುದಿಲ್ಲ.

ದೇವರ, ತೀರ್ಥಂಕರರ ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಮಹಾವೀರ, ಪಾರ್ಶ್ವನಾಥ, ಪದ್ಮಾವತಿ ಎಂಬ ಹೆಸರುಗಳನ್ನು ಸಮಾಜದ ಎಷ್ಟೋ ಅಂಗಡಿಗಳು ಭಕ್ತಿಯಿಂದ ಇಟ್ಟುಕೊಂಡಿವೆ. ಅಂಗಡಿಗೆ ಇಡುವುದಕ್ಕೆ ಅಡ್ಡಿಯಿಲ್ಲ, ಆದರೆ ಇತರರನ್ನು ತಡೆಯುವ ಶಕ್ತಿ ಅಂಥ ಹೆಸರಿಗೆ ಕಡಿಮೆ. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರು ನೋಂದಣಿ ಮಾಡಿಸಲು ಹೊರಟ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ತಮ್ಮದು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಬೇರೆ ಪದ ಸೇರಿ ಗ್ರಂಥದ ಅರ್ಥವೇ ಹೋಗುವಂತಿದ್ದರೆ ಪರಿಗಣಿಸಬಹುದು ಎಂದೂ ಸೇರಿಸಿತು.

'ಬೆಳ್ಳಿಕೊಳಗ'ದಂಥ ಹೆಸರು ಅಕ್ಕಿಯ ಗುಣ ಹೇಳುವುದಿಲ್ಲ, ಬೇರೆಯವರಿಗೆ ಅದರ ಅಗತ್ಯವೂ ಇಲ್ಲ. ಅಂಥದ್ದಕ್ಕೆ ಖರ್ಚು ಮಾಡಿದರೆ ಅರ್ಥವಿದೆ.

'ನಂದಿನಿ' ಪ್ರಕರಣ ಕಲಿಸಿದ್ದು

ನೋಂದಣಿಯ ಮಿತಿಯನ್ನು ತಿಳಿಯಲು ಕರ್ನಾಟಕದ್ದೇ ಒಂದು ದೊಡ್ಡ ಪ್ರಕರಣವಿದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿದೆ, ಹೆಸರೂ ನೋಂದಣಿಯಾಗಿದೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ತಮ್ಮ ಆಹಾರ ಪದಾರ್ಥಗಳಿಗೆ ಅವರು ನೋಂದಣಿ ಕೇಳಿದಾಗ ಮಹಾಮಂಡಳ ವಿರೋಧಿಸಿತು. ಕರ್ನಾಟಕ ಹೈಕೋರ್ಟಿನಲ್ಲಿ ಮಹಾಮಂಡಳ ಗೆದ್ದಿತು. ಸುಪ್ರೀಂ ಕೋರ್ಟ್ 2018ರ ಜುಲೈ 26ರಂದು ಆ ತೀರ್ಪನ್ನು ತಿರುಗಿಸಿತು.

ಒಂದೇ ವರ್ಗದಲ್ಲಿ ಇದೆ ಎಂಬ ಕಾರಣಕ್ಕೆ ಆ ವರ್ಗದ ಎಲ್ಲ ಪದಾರ್ಥಗಳ ಮೇಲೂ ಏಕಸ್ವಾಮ್ಯ ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ಒಬ್ಬರು ಮಾರುವುದು ಹಾಲು, ಇನ್ನೊಬ್ಬರು ನಡೆಸುವುದು ಹೋಟೆಲು. ಚಿಹ್ನೆಗಳೂ ಬೇರೆ, ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಜನಬಳಕೆಯದು. ಹೋಟೆಲಿನವರಿಗೆ ನೋಂದಣಿ ಸಿಕ್ಕಿತು, ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು.

ಸಿಂಧನೂರಿನ ವ್ಯಾಪಾರಿಗೆ ಇದರ ಅರ್ಥ ಇಷ್ಟು. ಅಕ್ಕಿ ಬರುವುದು 30ನೇ ವರ್ಗದಲ್ಲಿ, ಅಡುಗೆ ಎಣ್ಣೆ 29ರಲ್ಲಿ. 'ಬೆಳ್ಳಿಕೊಳಗ' ಅಕ್ಕಿಗೆ ನೋಂದಣಿಯಾದರೆ ಅಕ್ಕಿಗೆ, ಅದಕ್ಕೆ ಹತ್ತಿರದ ಮಾಲಿಗೆ ರಕ್ಷಣೆ. ಅದೇ ಹೆಸರಿನಲ್ಲಿ ಯಾರಾದರೂ ಪೈಪು ಮಾರಿದರೆ ತಡೆಯುವುದು ಕಷ್ಟ. ಹಾಗೆಂದು ಹತ್ತು ವರ್ಗಕ್ಕೆ ಹಣ ಕಟ್ಟುವುದೂ ದಂಡ, ಏಕೆಂದರೆ ಐದು ವರ್ಷಕ್ಕೂ ಮೇಲ್ಪಟ್ಟು ಬಳಸದ ಹೆಸರನ್ನು ತೆಗೆದುಹಾಕಿಸಲು ಬೇರೆಯವರು ಅರ್ಜಿ ಹಾಕಬಹುದು. ಈಗ ಮಾರುವ ಮಾಲು, ಒಂದೆರಡು ವರ್ಷದಲ್ಲಿ ಮಾರಲಿರುವ ಮಾಲು, ಇಷ್ಟಕ್ಕೆ ಸಾಕು.

ಇನ್ನೊಂದು ಮಿತಿಯೂ ಇದೆ. ನೋಂದಣಿ ಮಾಡಿಸಿದವರಿಗಿಂತ ಮೊದಲಿನಿಂದ ಆ ಹೆಸರು ಬಳಸುತ್ತಾ ಬಂದವರನ್ನು ತಡೆಯಲಾಗದು ಎನ್ನುತ್ತದೆ 34ನೇ ಕಲಂ. ಆದ್ದರಿಂದ ನೋಂದಣಿ ಇರಲಿ ಬಿಡಲಿ, ಹೆಸರು ಇರುವ ಮೊದಲ ವರ್ಷದ ಬಿಲ್ಲುಗಳನ್ನು ರದ್ದಿಗೆ ಹಾಕಬಾರದು. ಜಿಎಸ್‌ಟಿ ನೋಂದಣಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಪಾಲುದಾರಿಕೆ ನೋಂದಣಿ ಇವು ಯಾವುವೂ ಬ್ರ್ಯಾಂಡಿನ ಮೇಲೆ ಹಕ್ಕು ಕೊಡುವುದಿಲ್ಲ. ಬಳಕೆಗೆ ಸಾಕ್ಷಿ ಆಗಬಹುದು, ಅಷ್ಟೇ.

ಜಿಎಸ್‌ಟಿ ಭಯ ಇನ್ನೂ ಏಕೆ?

ನೋಂದಣಿ ಮಾಡಿಸಿದರೆ ತೆರಿಗೆ ಬೀಳುತ್ತದೆ ಎಂದು ಅಕ್ಕಿ, ಬೇಳೆ ವ್ಯಾಪಾರದ ಹಿರಿಯರು ಈಗಲೂ ಹೇಳುತ್ತಾರೆ. ಅದು ಸುಳ್ಳಲ್ಲ, ಹಳೆಯ ಮಾತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ತೆರಿಗೆ, ಉಳಿದ ಅಕ್ಕಿಗೆ ತೆರಿಗೆ ಇರಲಿಲ್ಲ. ಕೆಲವರು ನೋಂದಣಿ ರದ್ದು ಮಾಡಿಸಲು ಹೊರಟರು. 2017ರ ಮೇ 15ರಂದು ನೋಂದಣಿ ಇದ್ದ ಹೆಸರು ಆಮೇಲೆ ರದ್ದಾದರೂ ತೆರಿಗೆ ತಪ್ಪದು ಎಂದು ಸರ್ಕಾರ ಆ ಸೆಪ್ಟೆಂಬರಿನಲ್ಲಿ ಹೇಳಿತು. ನೋಂದಣಿ ಇಲ್ಲದ ಹೆಸರಿನವರು, ಆ ಹೆಸರಿನ ಮೇಲೆ ಕಾನೂನು ಹಕ್ಕು ಕೇಳುವುದಿಲ್ಲ ಎಂದು ಅಫಿಡವಿಟ್ ಕೊಟ್ಟು, ಚೀಲದ ಮೇಲೂ ಅಚ್ಚು ಹಾಕಿಸಿದರೆ ಮಾತ್ರ ವಿನಾಯಿತಿ ಸಿಗುತ್ತಿತ್ತು.

2022ರ ಜುಲೈ 18ರಿಂದ ಆ ನಿಯಮ ಹೋಯಿತು. ಆಗಿನಿಂದ ನೋಡುವುದು ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದೆಯೇ, 25 ಕಿಲೋ ಒಳಗಿದೆಯೇ ಎಂಬುದನ್ನು. ಬ್ರ್ಯಾಂಡ್ ನೋಂದಣಿ ಆಗಿದೆಯೋ ಇಲ್ಲವೋ ಎಂಬುದಕ್ಕೂ ತೆರಿಗೆಗೂ ಈಗ ಸಂಬಂಧವಿಲ್ಲ. ಆದರೆ ಅಂದು ಹಕ್ಕು ಬಿಟ್ಟುಕೊಟ್ಟ ಅಫಿಡವಿಟ್ ಕೊಟ್ಟವರು ಅದರ ಪ್ರತಿ ಹುಡುಕಿ ವಕೀಲರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಬೇಕು. ಎದುರಾಳಿ ಕೋರ್ಟಿನಲ್ಲಿ ಅದನ್ನೇ ಮುಂದಿಡಬಹುದು. ಹಳೆಯ ಒಕ್ಕಣೆ ಚೀಲದ ಮೇಲೆ ಇನ್ನೂ ಅಚ್ಚಾಗುತ್ತಿದ್ದರೆ ಅದನ್ನೂ ತೆಗೆಸಬೇಕು.

ಅರ್ಜಿ ಹಾಕುವಾಗ

ಚೀಲ ಅಚ್ಚಿಗೆ ಕೊಡುವ ಮೊದಲೇ ipindia.gov.in ತಾಣದಲ್ಲಿ ಹೆಸರು ಹುಡುಕಬೇಕು, ಅದಕ್ಕೆ ಶುಲ್ಕವಿಲ್ಲ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ರೀತಿ ಬರೆದು ನೋಡಬೇಕು, ಏಕೆಂದರೆ ಕೇಳಲು ಒಂದೇ ಆಗಿದ್ದರೂ ಗೊಂದಲವೇ. ಹೆಸರು ಖಾಲಿ ಇದ್ದರೆ TM-A ಅರ್ಜಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಹೆಸರು ಗಟ್ಟಿಯಾಗಿದ್ದರೆ ಲೇಬಲ್ಲಿಗಿಂತ ಮೊದಲು ಅಕ್ಷರದ ಹೆಸರಿಗೇ ಅರ್ಜಿ ಹಾಕುವುದು ಮೇಲು. ಮುಂದೆ ಚೀಲದ ಬಣ್ಣ, ಚಿತ್ರ ಬದಲಾದರೂ ರಕ್ಷಣೆ ಉಳಿಯುತ್ತದೆ.

ಹೆಚ್ಚು ಅರ್ಜಿಗಳು ಕೆಡುವುದು ಹಾಕಿದ ಮೇಲೆ ಮರೆಯುವುದರಿಂದ. ಕಚೇರಿ ಪ್ರಶ್ನೆ ಎತ್ತಿದರೆ ತಾಣದಲ್ಲಿ `Objected` ಎಂದು ಕಾಣುತ್ತದೆ. ಪರೀಕ್ಷಾ ವರದಿ ಕೈಸೇರಿದ 30 ದಿನದಲ್ಲಿ ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ. `Opposed` ಎಂದರೆ ಬೇರೆ ವ್ಯಾಪಾರಿ ವಿರೋಧಿಸಿದ್ದಾರೆ. ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಅವರು ಹಾಗೆ ಮಾಡಬಹುದು, ಅದಕ್ಕೆ ಎರಡು ತಿಂಗಳಲ್ಲಿ ಉತ್ತರ ಕೊಡಬೇಕು. ಏಜೆಂಟರು ತಿಳಿಸುತ್ತಾರೆ ಎಂದು ಕೂರದೆ ತಿಂಗಳಿಗೊಮ್ಮೆ ಅರ್ಜಿ ಸಂಖ್ಯೆ ಹಾಕಿ ನೋಡಬೇಕು. ಪ್ರಮಾಣಪತ್ರ ಬರುವವರೆಗೆ ಹೆಸರಿನ ಪಕ್ಕ TM ಎಂದು ಹಾಕಬಹುದು. ® ಹಾಕುವುದು ತಪ್ಪು.

ಕೊನೆಯದಾಗಿ, ಅರ್ಜಿ ಯಾರ ಹೆಸರಿನಲ್ಲಿ ಎಂಬುದು. ಅಣ್ಣತಮ್ಮಂದಿರು ಸೇರಿ ನಡೆಸುವ ವ್ಯಾಪಾರದಲ್ಲಿ ಹಿರಿಯಣ್ಣನ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಿಬಿಡುವುದು ಸುಲಭ. ಮುಂದೆ ಪಾಲಾದಾಗ ಮಿಲ್ಲು, ಗೋದಾಮು ಹಂಚಿಕೊಂಡರೂ ಹೆಸರು ಕಾಗದದಲ್ಲಿ ಒಬ್ಬರದೇ ಆಗಿರುತ್ತದೆ. ಇಬ್ಬರೂ ಅದೇ ಚೀಲ ಹೊಡೆಸಿದರೆ ಅಣ್ಣನೇ ತಮ್ಮನ ಮೇಲೆ ದಾವೆ ಹಾಕುವ ಸ್ಥಿತಿ ಬರುತ್ತದೆ. ಪಾಲುದಾರರೆಲ್ಲರನ್ನೂ ಕಾಣಿಸಿ ಫರ್ಮಿನ ಪರವಾಗಿ ಅರ್ಜಿ ಹಾಕಿ, ಬ್ರ್ಯಾಂಡ್ ಯಾರಿಗೆ ಹೋಗುತ್ತದೆ ಎಂಬುದನ್ನು ಪಾಲುದಾರಿಕೆ ಪತ್ರದಲ್ಲೇ ಒಂದು ಸಾಲು ಬರೆಸಿಟ್ಟರೆ ಆ ದಿನ ಬರುವುದಿಲ್ಲ.